ಎಸಿ ತಂಪು ಕಡಿಮೆ: ಗ್ಯಾಸ್ ಸೋರಿದೆಯೋ, ಕೊಳೆ ಕಟ್ಟಿದೆಯೋ?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಮಲಗುವ ಕೋಣೆಗೆ 1.5 ಟನ್ನಿನ ಸ್ಪ್ಲಿಟ್ ಎಸಿ ಇದೆ, ಇನ್ವರ್ಟರ್ ಅಲ್ಲ, ಆರ್-32 ಗ್ಯಾಸು, ಐದನೇ ವರ್ಷ. ಮಾರ್ಚಿನಿಂದ ತಂಪೇ ಸಾಲುತ್ತಿಲ್ಲ. ಮೆಕ್ಯಾನಿಕ್ ಬಂದು ಗೇಜ್ ಹಾಕಿ ‘ಪ್ರೆಶರ್ ಕಡಿಮೆ ಇದೆ, ಗ್ಯಾಸ್ ತುಂಬಬೇಕು’ ಅಂದರು. ಪಕ್ಕದ ಮನೆಯವರು ‘ಬರೀ ಸರ್ವೀಸ್ ಮಾಡಿಸಿ, ಸಾಕು’ ಅನ್ನುತ್ತಾರೆ. ಫಿಲ್ಟರ್ ನಾನೇ ತೊಳೆದೆ, ಫರಕು ಕಾಣಲಿಲ್ಲ. ಹೋದ ವರ್ಷವೂ ಗ್ಯಾಸ್ ಹಾಕಿಸಿದ್ದೆ. ಯಾರ ಮಾತು ಸರಿ ಅಂತ ತಿಳಿಯೋದು ಹೇಗೆ?

ಉತ್ತರ: ಗೇಜಿನ ಮುಳ್ಳು ಕೆಳಗಿದ್ದ ಮಾತ್ರಕ್ಕೆ ಗ್ಯಾಸ್ ಕಡಿಮೆ ಎಂದು ಹೇಳಲು ಬರುವುದಿಲ್ಲ. ಗ್ಯಾಸ್ ಸೋರಿದರೂ ಆ ಪ್ರೆಶರ್ ಇಳಿಯುತ್ತದೆ, ಒಳಗಿನ ಕಾಯಿಲಿನ ಮೇಲೆ ಗಾಳಿ ಹಾಯದಿದ್ದರೂ ಇಳಿಯುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಗೇಜಲ್ಲ, ಔಟ್‌ಡೋರ್ ಯೂನಿಟ್ಟಿನ ಪಕ್ಕದಲ್ಲಿರುವ ದಪ್ಪ ಪೈಪು ಮತ್ತು ಒಳಗಿನ ಕಾಯಿಲು. ಇವೆರಡನ್ನೂ ನೀವೇ ನೋಡಬಹುದು. ಬೇಕಾದದ್ದು ಒಂದು ಟಾರ್ಚು ಮತ್ತು ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರು.

ಯಂತ್ರದೊಳಗೆ ಏನು ನಡೆಯುತ್ತದೆ ಎಂಬುದು ಮೊದಲು ಸ್ಪಷ್ಟವಾಗಲಿ. ಔಟ್‌ಡೋರಿನಿಂದ ಸಣ್ಣ ಪೈಪಿನಲ್ಲಿ ಬರುವ ದ್ರವ ಗ್ಯಾಸು ಒಳಗಿನ ಕಾಯಿಲಿನಲ್ಲಿ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಆಮೇಲೆ ದಪ್ಪ ಪೈಪಿನಲ್ಲಿ ಕಂಪ್ರೆಸರಿಗೆ ವಾಪಸು ಹೋಗುತ್ತದೆ. ಎಲ್ಲ ಸರಿಯಿದ್ದಾಗ ದ್ರವವು ಕಾಯಿಲಿನ ಹೆಚ್ಚುಕಡಿಮೆ ಕೊನೆಯ ಸುತ್ತಿನವರೆಗೂ ಉಳಿದಿರುತ್ತದೆ. ಹಾಗಾಗಿ ಕಾಯಿಲು ಪೂರ್ತಿ ಒಂದೇ ಸಮನೆ ತಂಪಾಗಿ ಒದ್ದೆಯಾಗಿರುತ್ತದೆ, ದಪ್ಪ ಪೈಪೂ ತಣ್ಣಗಿದ್ದು ಬೆವರುತ್ತದೆ.

ಗ್ಯಾಸ್ ಕಡಿಮೆಯಾದಾಗ ದ್ರವ ಮೊದಲ ಕೆಲವು ಸುತ್ತುಗಳಲ್ಲೇ ಮುಗಿದುಹೋಗುತ್ತದೆ. ಪ್ರೆಶರ್ ಇಳಿದದ್ದರಿಂದ ಆ ಮೊದಲ ಸುತ್ತುಗಳು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗಿ ಮಂಜುಗಟ್ಟುತ್ತವೆ. ಮುಂದಿನ ಸುತ್ತುಗಳಲ್ಲಿ ಬರೀ ಆವಿ, ಅದಕ್ಕೆ ಶಾಖ ಹೀರುವ ತಾಕತ್ತು ಅಷ್ಟಿಲ್ಲ. ಆದ್ದರಿಂದ ಕಾಯಿಲಿನ ಉಳಿದ ಭಾಗ ಒಣಗಿ ಕೋಣೆಯಷ್ಟೇ ಬೆಚ್ಚಗಿರುತ್ತದೆ. ದಪ್ಪ ಪೈಪಿಗೆ ತಂಪು ತಲುಪುವುದೇ ಇಲ್ಲ.

ಗಾಳಿ ಕಟ್ಟಿದಾಗ ಆಗುವುದು ಇದಕ್ಕೆ ತದ್ವಿರುದ್ಧ. ದ್ರವ ಬೇಕಾದಷ್ಟಿದೆ, ಅದನ್ನು ಆವಿ ಮಾಡುವಷ್ಟು ಬಿಸಿ ಗಾಳಿ ಮೇಲೆ ಹಾಯುತ್ತಿಲ್ಲ. ಪ್ರೆಶರ್ ಇಲ್ಲೂ ಇಳಿಯುತ್ತದೆ. ಆದರೆ ತಂಪು ಕಾಯಿಲಿನ ಈ ತುದಿಯಿಂದ ಆ ತುದಿಯವರೆಗೆ ಹರಡಿ, ದಪ್ಪ ಪೈಪನ್ನೂ ದಾಟಿ ಕಂಪ್ರೆಸರಿನ ಹತ್ತಿರದವರೆಗೆ ಹೋಗುತ್ತದೆ. ದಪ್ಪ ಪೈಪು ಕೈಯಿಡಲಾಗದಷ್ಟು ತಣ್ಣಗಾಗಿ ನೀರು ತೊಟ್ಟಿಕ್ಕುತ್ತದೆ. ಕೆಲವೊಮ್ಮೆ ಅದರ ಮೇಲೂ ಮಂಜು ಕೂರುತ್ತದೆ. ಈ ಸ್ಥಿತಿಯಲ್ಲಿ ಯಾರಾದರೂ ಮುಳ್ಳು ನೋಡಿ ಗ್ಯಾಸ್ ತುಂಬಿದರೆ, ಮುಂದೆ ಕೊಳೆ ತೆಗೆದ ದಿನ ಪ್ರೆಶರ್ ಏರಿ ಗ್ಯಾಸ್ ಹೆಚ್ಚಾಗಿರುವುದು ಗೊತ್ತಾಗುತ್ತದೆ. ಅಷ್ಟರೊಳಗೆ ಆವಿಯಾಗದ ದ್ರವ ನೇರ ಕಂಪ್ರೆಸರಿಗೆ ಹೋಗಿ ಅದರ ಆಯುಷ್ಯ ತಿಂದಿರುತ್ತದೆ.

ಅಂಕಿ ಬೇಕಿದ್ದರೆ: ಆರ್-32 ಗ್ಯಾಸು ಗೇಜಿನಲ್ಲಿ ಸುಮಾರು 103 ಪಿಎಸ್‌ಐ ತೋರಿಸುವಾಗ ಸೊನ್ನೆ ಡಿಗ್ರಿಯಲ್ಲಿ, 146 ಪಿಎಸ್‌ಐ ಇರುವಾಗ 10 ಡಿಗ್ರಿಯಲ್ಲಿ ಆವಿಯಾಗುತ್ತದೆ. ಸರಿಯಾಗಿ ಓಡುವ ಯಂತ್ರ ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತದೆ. 85 ತೋರಿಸಿದರೆ ಕಾಯಿಲು ಸೊನ್ನೆಗಿಂತ ಕೆಳಗಿದೆ ಎಂದರ್ಥ, ಅಷ್ಟೇ. ಏಕೆ ಕೆಳಗಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಎಸಿ ಬಂದ್ ಮಾಡಿ ಪ್ರೆಶರ್ ನೋಡಿದರೆ ತಿಳಿಯದೇ ಎಂದು ಕೆಲವರು ಕೇಳುತ್ತಾರೆ. ಅದೂ ಆಗದು. ಅಡುಗೆ ಗ್ಯಾಸಿನ ಸಿಲಿಂಡರಿನಲ್ಲಿ ಅರ್ಧವಿದ್ದರೂ ಕಾಲುಭಾಗವಿದ್ದರೂ ಒಲೆಗೆ ಒಂದೇ ಒತ್ತಡ ಸಿಗುವುದಿಲ್ಲವೇ, ಹಾಗೆಯೇ ಇಲ್ಲೂ ಒಂದಿಷ್ಟು ದ್ರವ ಉಳಿದಿರುವವರೆಗೆ ನಿಂತ ಪ್ರೆಶರನ್ನು ನಿರ್ಧರಿಸುವುದು ಹೊರಗಿನ ಉಷ್ಣತೆ ಮಾತ್ರ. 30 ಡಿಗ್ರಿ ಸೆಖೆಯಲ್ಲಿ ಆರ್-32 ಸುಮಾರು 265 ಪಿಎಸ್‌ಐ ತೋರಿಸುತ್ತದೆ, ಒಳಗೆ ಮುಕ್ಕಾಲು ಕಿಲೋ ಇರಲಿ, ಅರ್ಧ ಕಿಲೋ ಇರಲಿ. ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಯಂತ್ರ ಹೆಚ್ಚುಕಡಿಮೆ ಖಾಲಿಯಾಗಿದೆ ಎಂದು ತಿಳಿಯಬಹುದು. ಅದಕ್ಕಿಂತ ಹೆಚ್ಚಿಗೆ ಏನೂ ತಿಳಿಯದು.

ಪರೀಕ್ಷೆಗೆ ಮೊದಲು ಗಾಳಿಯ ದಾರಿ ತೆರವಾಗಿರಲಿ

ಫಿಲ್ಟರ್ ತೊಳೆದಿದ್ದೀರಿ, ಒಳ್ಳೆಯದು. ಆದರೆ ನಮ್ಮ ಕರಾವಳಿಯಲ್ಲಿ ಗಾಳಿ ಕಟ್ಟುವುದು ಫಿಲ್ಟರಿನಲ್ಲಿ ಮಾತ್ರವಲ್ಲ. ಉಪ್ಪುಗಾಳಿಯ ತೇವಕ್ಕೆ ಸಣ್ಣ ಧೂಳು ಫಿಲ್ಟರ್ ದಾಟಿ ಒಳಹೋಗಿ ಬ್ಲೋವರ್ ಉರುಳೆಯ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತದೆ. ಒಂದೊಂದು ರೆಕ್ಕೆಯ ಬಾಗುವಿಕೆಯಲ್ಲೂ ಮಣ್ಣು ತುಂಬಿದರೆ ಉರುಳೆ ಅದೇ ವೇಗದಲ್ಲಿ ತಿರುಗಿದರೂ ಗಾಳಿಯನ್ನು ಹಿಡಿದು ತಳ್ಳುವುದಿಲ್ಲ. ಫಿಲ್ಟರ್ ಕನ್ನಡಿಯ ಹಾಗಿದ್ದು ಗಾಳಿ ಅರ್ಧವೇ ಬರುವುದು ಹೀಗೆ. ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟವಿಲ್ಲ. ಅಲ್ಲಿ ಮಳೆಗಾಲವಿಡೀ ಬಂದ್ ಇಟ್ಟ ಎಸಿಯ ಉರುಳೆಗೆ ಬೂಷ್ಟು ಹಿಡಿಯುತ್ತದೆ, ಪರಿಣಾಮ ಒಂದೇ.

ಮೈನ್ ಸ್ವಿಚ್ ತೆಗೆದು, ಗಾಳಿ ಹೊರಬರುವ ಬಾಯಿಯ ರೆಕ್ಕೆಯನ್ನು ಮೆಲ್ಲಗೆ ಕೆಳಗೆ ಮಾಡಿ ಟಾರ್ಚ್ ಬಿಡಿ. ಉರುಳೆಯ ರೆಕ್ಕೆಗಳ ಅಂಚು ತೆಳ್ಳಗೆ, ಬೇರೆಬೇರೆಯಾಗಿ ಕಾಣಬೇಕು. ಉಣ್ಣೆ ಹೊದಿಸಿದ ಹಾಗೆ ದಪ್ಪಗೆ ಕಂಡರೆ ಅದನ್ನು ಕಳಚಿ ತೊಳೆಯಿಸಲೇಬೇಕು. ಬರೀ ಮುಂದಿನಿಂದ ನೀರು ಹೊಡೆಯುವ ಸರ್ವೀಸಿನಲ್ಲಿ ಇದು ಹೋಗುವುದಿಲ್ಲ. ಫಿಲ್ಟರ್ ತೆಗೆದು ಕಾಯಿಲಿನ ಮುಖವನ್ನೂ ನೋಡಿ: ತೆಳು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬೆಳಕು ಒಳಗಿಳಿಯಬೇಕು.

ಇನ್ನೊಂದು ಸುಲಭದ ಉಪಾಯವಿದೆ. ಫ್ಯಾನ್ ಹೈ ಇಟ್ಟು ಫಿಲ್ಟರ್ ಸಮೇತ ಗಾಳಿ ನೋಡಿ, ಆಮೇಲೆ ಫಿಲ್ಟರ್ ತೆಗೆದು ಐದು ನಿಮಿಷ ಮಾತ್ರ ಓಡಿಸಿ ನೋಡಿ. ಗಾಳಿ ಒಮ್ಮೆಗೇ ಜೋರಾದರೆ ದೋಷ ಫಿಲ್ಟರಿನದು. ಏನೂ ಬದಲಾಗದೆ ಗಾಳಿ ಮಂದವಾಗಿಯೇ ಇದ್ದರೆ ಉರುಳೆಯದೋ ಕಾಯಿಲಿನದೋ. ಗಾಳಿ ಮೊದಲಿನಿಂದಲೂ ಜೋರಾಗಿಯೇ ಇದ್ದು ತಂಪು ಮಾತ್ರ ಇಲ್ಲವೆಂದಾದರೆ ಅನುಮಾನ ಗ್ಯಾಸಿನ ಕಡೆಗೋ ಔಟ್‌ಡೋರಿನ ಕಡೆಗೋ ತಿರುಗುತ್ತದೆ.

ಕಾಯಿಲಿನ ಮೇಲೆ ಈಗಾಗಲೇ ಮಂಜುಗಡ್ಡೆ ಇದ್ದರೆ ಯಾವ ಅಳತೆಯೂ ನಂಬಿಕೆಗೆ ಯೋಗ್ಯವಲ್ಲ. ಗ್ಯಾಸ್ ಕಡಿಮೆಯಿದ್ದು ಮೂಲೆಯಲ್ಲಿ ಹುಟ್ಟಿದ ಮಂಜೂ ಗಂಟೆಗಟ್ಟಲೆ ಓಡಿಸಿದರೆ ಬೆಳೆದು ಇಡೀ ಕಾಯಿಲನ್ನು ಮುಚ್ಚುತ್ತದೆ, ಆಗ ಅದೇ ಗಾಳಿಯನ್ನೂ ಕಟ್ಟುತ್ತದೆ. ಕೂಲ್ ಬಿಟ್ಟು ಬರೀ ಫ್ಯಾನ್ ಮೋಡಿನಲ್ಲಿ ಎರಡು ಮೂರು ಗಂಟೆ ಓಡಿಸಿ ಪೂರ್ತಿ ಕರಗಿಸಿ. ಕೆಳಗೊಂದು ಬಾಲ್ದಿ ಇಟ್ಟುಕೊಂಡಿರಿ. ಆಮೇಲೆ ಮತ್ತೆ ಕೂಲ್ ಹಾಕಿ, ಮೊದಲ 10–15 ನಿಮಿಷದಲ್ಲಿ ಮಂಜು ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಿ. ಸಣ್ಣ ಪೈಪು ಸೇರುವ ಕಡೆಯ ಎರಡು ಮೂರು ಸುತ್ತಿಗೆ ಮಾತ್ರ ಬಂದು ಉಳಿದದ್ದು ಒಣಗಿದ್ದರೆ ಗ್ಯಾಸ್ ಕಡಿಮೆ. ಇಡೀ ಮುಖದ ಮೇಲೆ ಒಂದೇ ಸಮ ತೆಳುವಾಗಿ ಹರಡಿದರೆ ಗಾಳಿ ಕಡಿಮೆ.

ಒಂದು ಕೋಣೆಯ ಲೆಕ್ಕ

ನಿಮ್ಮಂಥದೇ ಒಂದು ಕೋಣೆ ಇಟ್ಟುಕೊಳ್ಳೋಣ. ಏಪ್ರಿಲ್ ಮಧ್ಯಾಹ್ನ, ಕೋಣೆ 30 ಡಿಗ್ರಿ. ರಿಮೋಟಿನಲ್ಲಿ 18 ಇಟ್ಟು, ಫ್ಯಾನ್ ಹೈ ಮಾಡಿ, ಬಾಗಿಲು ಹಾಕಿ 20 ನಿಮಿಷ ಓಡಿಸಿದ್ದೇವೆ. ಥರ್ಮಾಮೀಟರಿನ ಕಡ್ಡಿಯನ್ನು ಮೊದಲು ಮೇಲಿನ ಜಾಲರಿಯ ಹತ್ತಿರ, ಅಂದರೆ ಗಾಳಿ ಒಳಹೋಗುವಲ್ಲಿ ಹಿಡಿಯಬೇಕು. ಆಮೇಲೆ ಗಾಳಿ ಹೊರಬರುವ ಬಾಯಿಯಲ್ಲಿ, ಉರುಳೆಗೆ ತಾಗದಂತೆ. ಎರಡರ ವ್ಯತ್ಯಾಸ ಕರಾವಳಿಯಲ್ಲಿ 9ರಿಂದ 11 ಡಿಗ್ರಿ ಇದ್ದರೆ ಯಂತ್ರ ಸರಿಯಿದೆ. ಬಯಲುಸೀಮೆಯ ಒಣ ಹವೆಯಲ್ಲಿ ಇದೇ ಯಂತ್ರ 12–13 ಕೊಡಬಹುದು. ನಮ್ಮಲ್ಲಿ ಶಕ್ತಿಯ ಒಂದು ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಬೇರೆ ಊರಿನ ಅಂಕಿ ನೋಡಿ ಗಾಬರಿ ಬೇಡ.

ಒಳಗೆ ಹೋಗುವ ಗಾಳಿ 30, ಬರುವುದು 25. ಗಾಳಿಯೇನೋ ರಭಸವಾಗಿಯೇ ಇದೆ. ಹೊರಗೆ ದಪ್ಪ ಪೈಪಿನ ಹೊದಿಕೆಯನ್ನು ವಾಲ್ವಿನ ಹತ್ತಿರ ಸ್ವಲ್ಪ ಸರಿಸಿ ಮುಟ್ಟಿದರೆ ಒಣಗಿದೆ, ತಂಪೇ ಇಲ್ಲ. ಸಣ್ಣ ಪೈಪಿನ ನಟ್ಟಿನ ಮೇಲೆ ಬಿಳಿ ಮಂಜು. ಡ್ರೈನ್ ಪೈಪಿಗೆ ಬಾಟಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಒಂದು ಲೋಟ ನೀರೂ ಇಲ್ಲ. ಇಂಥ ಹವೆಯಲ್ಲಿ ಆರೋಗ್ಯವಾಗಿರುವ 1.5 ಟನ್ ಯಂತ್ರ ಮೊದಲ ಗಂಟೆಯಲ್ಲಿ ಒಂದೂವರೆ ಲೀಟರಿನ ಆಸುಪಾಸು ಇಳಿಸಬೇಕು. ಔಟ್‌ಡೋರ್ ಫ್ಯಾನಿನಿಂದ ಬರುವ ಗಾಳಿಯೂ ಬೆಚ್ಚಗಷ್ಟೇ, ಬಿಸಿಯಿಲ್ಲ: ಒಳಗಿನ ಶಾಖವನ್ನೇ ಹೊರುತ್ತಿಲ್ಲವಾದರೆ ಹೊರಗೆ ಚೆಲ್ಲುವುದಾದರೂ ಏನನ್ನು? ಯಂತ್ರದ ಪಟ್ಟಿಯ ಮೇಲೆ 7.2 ಆಂಪಿಯರ್ ಬರೆದಿದೆ, ಕ್ಲಾಂಪ್ ಮೀಟರು 4.8 ತೋರಿಸುತ್ತದೆ. ಇಲ್ಲಿ ಗ್ಯಾಸ್ ಕಡಿಮೆಯಿದೆ, ಮೆಕ್ಯಾನಿಕ್ ಹೇಳಿದ್ದು ಸರಿ.

ಅದೇ ಕೋಣೆ, ಆದರೆ ಬರುವ ಗಾಳಿ 14 ಡಿಗ್ರಿ. ವ್ಯತ್ಯಾಸ 16! ಕೈಯಿಟ್ಟರೆ ಐಸಿನಂತೆ ತಂಪು, ಆದರೆ ಮಂಚದವರೆಗೆ ಗಾಳಿ ಬರುವುದೇ ಇಲ್ಲ. ದಪ್ಪ ಪೈಪು ನೀರು ಸುರಿಸುತ್ತಿದೆ. ಎಸಿ ಬಂದ್ ಮಾಡಿದ ಮೇಲೆ ಒಳಗಿನ ಯೂನಿಟ್ಟಿನಿಂದ ಗೋಡೆಗೆ ನೀರಿಳಿಯುತ್ತದೆ, ಕಾಯಿಲಿನ ಮಂಜು ಒಮ್ಮೆಗೇ ಕರಗುವುದರಿಂದ. ಇಲ್ಲಿ ಪಕ್ಕದ ಮನೆಯವರು ಗೆದ್ದರು. ಒಂದು ಗ್ರಾಂ ಗ್ಯಾಸೂ ಬೇಡ. ತಂಪು ಸಾಲದಿರುವಾಗ ವ್ಯತ್ಯಾಸ ಹೆಚ್ಚಾಗಿ ಬರುವುದು ವಿಚಿತ್ರವೆನಿಸಬಹುದು, ಆದರೆ ಸ್ವಲ್ಪವೇ ಗಾಳಿ ನಿಧಾನಕ್ಕೆ ಹಾಯ್ದಾಗ ಅದು ಅತಿಯಾಗಿ ತಣಿಯುತ್ತದೆ, ಒಟ್ಟು ಹೊರುವ ಶಾಖ ಮಾತ್ರ ಕಡಿಮೆ.

ಮೂರನೆಯದು ಸಮುದ್ರದ ದಡದವರು ಮರೆಯಬಾರದ ಸಂಗತಿ. ವ್ಯತ್ಯಾಸ 7 ಡಿಗ್ರಿ, ಗಾಳಿ ಸರಿಯಿದೆ, ದಪ್ಪ ಪೈಪು ಸಾಧಾರಣ ತಂಪಾಗಿ ಸ್ವಲ್ಪ ಬೆವರುತ್ತಿದೆ, ಮಂಜು ಎಲ್ಲೂ ಇಲ್ಲ. ಆದರೆ ಆಂಪಿಯರ್ 8.5, ಪಟ್ಟಿಯಲ್ಲಿದ್ದುದಕ್ಕಿಂತ ಹೆಚ್ಚು. ಬೆಳಗಿನ ಜಾವ ಚೆನ್ನಾಗಿ ತಂಪು ಕೊಡುವ ಯಂತ್ರ ಮಧ್ಯಾಹ್ನ ಎರಡಕ್ಕೆ ಕೈ ಎತ್ತುತ್ತದೆ, ಒಮ್ಮೊಮ್ಮೆ ಕಂಪ್ರೆಸರ್ ತಾನಾಗಿ ನಿಂತು ಹತ್ತಿಪ್ಪತ್ತು ನಿಮಿಷಕ್ಕೆ ಮತ್ತೆ ಹೊರಡುತ್ತದೆ. ಇದು ಹೊರಗಿನ ಕಾಯಿಲು ಶಾಖ ಬಿಡಲಾರದ ಲಕ್ಷಣ. ಗೇಜ್ ಇಟ್ಟರೆ ಇಲ್ಲಿ ಪ್ರೆಶರ್ ಇಳಿದಿರುವುದಿಲ್ಲ, ತುಸು ಏರಿಯೇ ಇರುತ್ತದೆ. ಆಂಪಿಯರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಮೂರನೆಯದನ್ನು ಗುರುತಿಸಲು, ಏಕೆಂದರೆ ಮೊದಲಿನ ಎರಡರಲ್ಲೂ ಅದು ಇಳಿಯುವುದೇ. ಕ್ಲಾಂಪ್ ಮೀಟರನ್ನು ಎಲೆಕ್ಟ್ರಿಶಿಯನ್ ಕೈಯಲ್ಲೇ ಹಿಡಿಸಿ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗವೇ ಬದಲಾಗುತ್ತಿರುತ್ತದೆ, ಹಾಗಾಗಿ ಅಲ್ಲಿ ಆಂಪಿಯರ್ ನೋಡಿ ತೀರ್ಮಾನಿಸಬೇಡಿ.

ಹೊರಗಿನ ಕಾಯಿಲನ್ನು ಹಿಂಬದಿಯಿಂದ ನೋಡಿ. ಬರೀ ಧೂಳು, ಜೇಡನ ಬಲೆ ಇದ್ದರೆ ಸಿಹಿನೀರನ್ನು ಕಡಿಮೆ ರಭಸದಲ್ಲಿ ಬಿಟ್ಟು ತೊಳೆದರೆ ಸಾಕು. ಪಟ್ಟಿಗಳ ಮೇಲೆ ಬಿಳಿ ಪುಡಿ ಕೂತಿದ್ದು, ಬೆರಳು ತಾಗಿಸಿದರೆ ಪಟ್ಟಿಯೇ ಉದುರಿದರೆ ಅದು ಕೊಳೆಯಲ್ಲ, ಉಪ್ಪು ತಿಂದ ಅಲ್ಯೂಮಿನಿಯಂ. ತಾಮ್ರದ ಕೊಳವೆಗೂ ಪಟ್ಟಿಗೂ ಹಿಡಿತ ತಪ್ಪಿದ ಮೇಲೆ ಎಷ್ಟು ತೊಳೆದರೂ ಶಾಖ ಹೊರಬರುವುದಿಲ್ಲ, ಗ್ಯಾಸ್ ಹಾಕಿದರಂತೂ ಇನ್ನೂ ಕೆಡುತ್ತದೆ. ಕಾಯಿಲ್ ಬದಲಿಸುವುದೊಂದೇ ದಾರಿ. ಬೇಗ ಬೆಳ್ಳಗಾಗಲಿ ಎಂದು ಆಸಿಡ್ ಬೆರೆಸಿದ ದ್ರಾವಣ ಹೊಡೆಯಲು ಬಂದರೆ ಬೇಡವೆನ್ನಿ. ಅದು ಉಪ್ಪು ಉಳಿಸಿದ್ದನ್ನೂ ತಿನ್ನುತ್ತದೆ.

ನಿಮ್ಮ ವಿಷಯದಲ್ಲಿ

ಹೋದ ವರ್ಷ ಗ್ಯಾಸ್ ಹಾಕಿಸಿದ್ದೀರಿ ಎಂಬ ಮಾತು ಮುಖ್ಯ. ಎಸಿಯ ಗ್ಯಾಸು ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರಬೇಕು. ಹೋದ ವರ್ಷ ನಿಜವಾಗಿಯೂ ಕಡಿಮೆಯಿದ್ದಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಮುಚ್ಚದೆ ತುಂಬಿದ್ದು ಈ ವರ್ಷಕ್ಕೆ ಹೊರಗೆ ಹೋಗಿದೆ. ಕಡಿಮೆಯಿರಲಿಲ್ಲವಾದರೆ, ಆಗಲೂ ಉರುಳೆಯ ಕೊಳೆಯನ್ನೇ ಗ್ಯಾಸ್ ಎಂದು ಓದಿ ತುಂಬಿರಬಹುದು, ಈಗ ನಿಮ್ಮ ಯಂತ್ರದಲ್ಲಿ ಗ್ಯಾಸ್ ಹೆಚ್ಚೇ ಇರಬಹುದು. ಮೇಲಿನ ಪರೀಕ್ಷೆ ಮಾಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ. ದಪ್ಪ ಪೈಪು ಒಣಗಿ ಬೆಚ್ಚಗಿದ್ದರೆ ಸೋರಿಕೆ ಹುಡುಕಿಸಿ.

ಸೋರಿಕೆ ಇರುವಲ್ಲಿ ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುವುದರಿಂದ ಧೂಳು ಮೆತ್ತಿದ ಜಿಡ್ಡಿನ ಕಲೆ ಕಾಣುತ್ತದೆ. ಔಟ್‌ಡೋರಿನ ಎರಡು ಫ್ಲೇರ್ ನಟ್, ಇಂಡೋರಿನ ಹಿಂದಿರುವ ಎರಡು ನಟ್, ಹೊರಗಿನ ಕಾಯಿಲಿನ ಪಕ್ಕದ ಯು ಆಕಾರದ ಬಾಗುಗಳು, ಕಾಯಿಲಿನ ತಳಭಾಗ, ಇವನ್ನು ಈ ಕ್ರಮದಲ್ಲೇ ನೋಡಬೇಕು. ಉಪ್ಪುನೀರು ನಿಲ್ಲುವುದು ತಳದಲ್ಲಿ, ಹಾಗಾಗಿ ಕರಾವಳಿಯಲ್ಲಿ ಅಲ್ಲಿಯೇ ಹೆಚ್ಚು ಕೊರೆಯುತ್ತದೆ.

ಕಲೆ ಸಿಗದಿದ್ದರೆ ಉಳಿದ ಗ್ಯಾಸನ್ನು ತೆಗೆಸಿ ನೈಟ್ರೋಜನ್ ತುಂಬಿ ಸಾಬೂನು ನೊರೆ ಹಚ್ಚಿ ನೋಡಬೇಕು. ಯಂತ್ರದ ಪಟ್ಟಿಯಲ್ಲಿ ಬರೆದ ಮಿತಿಯನ್ನು ಮೀರದೆ 400 ಪಿಎಸ್‌ಐ ಸುಮಾರಿಗೆ ತುಂಬಿ ರಾತ್ರಿಯಿಡೀ ಬಿಟ್ಟರೆ ಸಣ್ಣ ಸೋರಿಕೆಯೂ ಸಿಕ್ಕಿಬೀಳುತ್ತದೆ. ಒಂದು ಎಚ್ಚರ: ಸಂಜೆ 32 ಡಿಗ್ರಿಯಲ್ಲಿ 400 ಇದ್ದದ್ದು ಬೆಳಿಗ್ಗೆ 26 ಡಿಗ್ರಿಗೆ ಹವೆ ತಣಿದಾಗ ಸೋರದೆಯೂ 392ರ ಸುಮಾರಿಗೆ ಇಳಿದಿರುತ್ತದೆ. ಅಷ್ಟು ಇಳಿತವನ್ನು ಸೋರಿಕೆ ಎನ್ನಬಾರದು, 370 ಆಗಿದ್ದರೆ ಎನ್ನಬೇಕು. ನೈಟ್ರೋಜನ್ ಇಲ್ಲವೆಂದು ಆಕ್ಸಿಜನ್ ಅಥವಾ ಟೈರಿಗೆ ಹಾಕುವ ಗಾಳಿ ತುಂಬಲು ಯಾರಿಗೂ ಬಿಡಬೇಡಿ, ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ. ಆರ್-32 ತಾನೂ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸು, ಬೆಸುಗೆ ಹಾಕುವ ಮೊದಲು ಅದು ಪೂರ್ತಿ ಹೊರಗಿರಬೇಕು, ಕಿಟಕಿ ಬಾಗಿಲು ತೆರೆದಿರಬೇಕು.

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಇಟ್ಟು ಅರ್ಧ ಗಂಟೆಯಾದರೂ ಎಳೆಯಬೇಕು. ಪಂಪ್ ಬಂದ್ ಮಾಡಿದ ಮೇಲೆ ಮುಳ್ಳು ಹಿಂದಕ್ಕೆ ಬರುತ್ತದೆಯೋ ಎಂದು ಹತ್ತು ನಿಮಿಷ ಕಾಯಬೇಕು. ನಮ್ಮ ತೇವದ ಹವೆಯಲ್ಲಿ ಇದನ್ನು ಬಿಟ್ಟು, ಗ್ಯಾಸನ್ನೇ ಸ್ವಲ್ಪ ಊದಿಸಿ ‘ಗಾಳಿ ತೆಗೆದೆ’ ಎಂದರೆ ಒಳಗುಳಿದ ನೀರಿನಂಶ ಎಣ್ಣೆಯನ್ನು ಕೆಡಿಸುತ್ತದೆ. ಕೊನೆಗೆ ಗ್ಯಾಸನ್ನು ತೂಕದ ಮೇಲೆಯೇ ಹಾಕಿಸಿ. ಎಷ್ಟು ಗ್ರಾಂ ಎಂಬುದು ಔಟ್‌ಡೋರಿನ ಪಟ್ಟಿಯಲ್ಲೇ ಇದೆ. ಪೈಪು ಕಂಪನಿ ಹೇಳಿದ ಉದ್ದಕ್ಕಿಂತ ಹೆಚ್ಚಿದ್ದರೆ ಮೀಟರಿಗೆ ಇಷ್ಟು ಗ್ರಾಂ ಸೇರಿಸಿ ಎಂದು ಜೊತೆಗೆ ಬಂದ ಪುಸ್ತಕದಲ್ಲಿರುತ್ತದೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಮೊದಲಿನ ಮತ್ತು ಆಮೇಲಿನ ತೂಕ ನಿಮ್ಮೆದುರೇ ಬರೆದುಕೊಳ್ಳಲಿ. ಆಮೇಲೆ ಅದೇ ಥರ್ಮಾಮೀಟರು ಹಿಡಿದು ವ್ಯತ್ಯಾಸ ನೋಡಿ ಹಣ ಕೊಡಿ.

ಹೀಗೆಲ್ಲ ಮಾಡಿಸಿದ ಮೇಲೂ ಸಣ್ಣ ಪೈಪಿನಲ್ಲಿ ಮಂಜು ಉಳಿದು ದಪ್ಪ ಪೈಪು ಬೆಚ್ಚಗೇ ಇದ್ದರೆ ಮತ್ತೆ ಗ್ಯಾಸ್ ಸೇರಿಸಲು ಒಪ್ಪಬೇಡಿ. ತೂಕ ಸರಿಯಿದ್ದೂ ಇದೇ ಲಕ್ಷಣ ಬರುವುದು ಔಟ್‌ಡೋರಿನೊಳಗಿನ ಕ್ಯಾಪಿಲರಿ ಎಂಬ ಸಪೂರ ಕೊಳವೆ ಅಥವಾ ಅದರ ಹಿಂದಿನ ಸಣ್ಣ ಜಾಲರಿ ಕಟ್ಟಿಕೊಂಡಾಗ. ಅದನ್ನು ಕತ್ತರಿಸಿ ಹೊಸದು ಬೆಸೆಯಬೇಕು. ಹೊರಗಿನ ಕಾಯಿಲೇ ತಳದಲ್ಲಿ ಎರಡು ಮೂರು ಕಡೆ ಕೊರೆದಿದ್ದರೆ ತೇಪೆ ಹಾಕಿಸುವುದೂ ದಂಡ, ಒಂದು ಮುಚ್ಚಿದ ಬೆನ್ನಿಗೇ ಪಕ್ಕದ್ದು ಸೋರುತ್ತದೆ. ಹೊಸ ಕಾಯಿಲಿನ ದರ ಕೇಳಿ. ಅದು ಹೊಸ ಯಂತ್ರದ ಅರ್ಧ ಬೆಲೆ ಮುಟ್ಟುವುದಾದರೆ ರಿಪೇರಿ ಬಿಟ್ಟು, ಮುಂದಿನ ಔಟ್‌ಡೋರನ್ನು ಸಮುದ್ರದ ಗಾಳಿ ನೇರ ಬಡಿಯದ ಪೂರ್ವದ ಗೋಡೆಗೆ ಕೂರಿಸಿ.